ಕಾಯದ ಕಬ್ಬಿಣ, ಕಾಯುವ ಪ್ರಶ್ನೆ

ಭದ್ರಾವತಿಯ ಫೌಂಡ್ರಿಯೊಂದರಲ್ಲಿ ಇಪ್ಪತ್ತು ವರ್ಷ ಪಳಗಿದವನು ನಮ್ಮ ಹೊಸಮನೆ ಬಡಾವಣೆಯ ಯೋಗರಾಜ. ಪ್ರಾಜೆಕ್ಟ್ ನಿರ್ವಹಣೆಯ ಪಿಎಂಪಿ ಸರ್ಟಿಫಿಕೇಟ್ ಇಲ್ಲದವರಿಗೆ ಇನ್ನು ಪ್ರಾಜೆಕ್ಟ್ ನಡೆಸುವ ಹೊಣೆ ಇಲ್ಲ ಎಂದಿತು ಕಂಪನಿ. ಆ ಪರೀಕ್ಷೆಗೆ ವರ್ಷಕ್ಕೆ ಮೂರೇ ಅವಕಾಶ, ಎರಡರಲ್ಲಿ ನಪಾಸಾಗಿದ್ದ.

ಆಲ್ಕೊಳದ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುವ ಶೀಲಾ ಮೇಡಂ ಅವನನ್ನು ಕೇಳಿದರು: "ಗ್ರಾಹಕರು ಕೆಲಸದ ನಡುವೆ ಬದಲಾವಣೆ ಕೇಳ್ತಾರೆ. ಮೊದಲು ಏನ್ ಮಾಡ್ತೀರಾ?"

"ಕೂಡಲೇ ಮಾಡಿಕೊಡ್ತೀನಿ."

"ಅಲ್ಲೇ ಎಡವೋದು ಮಾರಾಯ್ರೆ! ಅದರಿಂದ ಸಮಯಕ್ಕೆ, ಖರ್ಚಿಗೆ ಏನಾಗುತ್ತೆ ಅಂತ ಮೊದಲು ಅಳೀಬೇಕು. ಆಮೇಲೆ ಒಪ್ಪಿಗೆ."

"ಕರಗಿದ ಕಬ್ಬಿಣ ಕಾಯುತ್ತಾ ಮೇಡಂ?"

"ಪರೀಕ್ಷೇಲಿ ಕಾಯುತ್ತೆ."

ಮೂರನೇ ಸಲ, ಪ್ರಶ್ನೆ ಪ್ರಶ್ನೆಗೂ ಎರಡೆರಡು ಉತ್ತರ ಸರಿಯೆನಿಸಿದವು. ಒಂದನ್ನು ಫೌಂಡ್ರಿ ಹೇಳುತ್ತಿತ್ತು, ಇನ್ನೊಂದನ್ನು ಮೇಡಂ. ಯಾರ ಮಾತು ಕೇಳಬೇಕೆಂದು ತಿಳಿಯದೆ ಹೊತ್ತು ಮುಗಿಯಿತು, ಮತ್ತೆ ನಪಾಸು.

ಮುಂದಿನ ಪರೀಕ್ಷೆಗೆ ಒಂದು ವರ್ಷ ಕಾಯಬೇಕು. ಸೋಮವಾರ ಹೊಸ ಕುಲುಮೆ ಪ್ರಾಜೆಕ್ಟಿನ ನಕ್ಷೆಗಳನ್ನು, ತಾನೇ ಕೆಲಸ ಕಲಿಸಿದ್ದ, ಈಗ ಸರ್ಟಿಫಿಕೇಟ್ ಪಡೆದಿದ್ದ ಧರ್ಮೇಂದ್ರನ ಕೈಗೆ ಕೊಟ್ಟ.