ಪುಕ್ಕಲ ಕುಳ್ಳಯ್ಯನೂ ಫ್ರಿಜ್ಜಿನಡಿಯ ನೀರೂ

ಮಾಲು ನೋಡಿ ಬೆಲೆ ಕಟ್ಟುವುದು ನನ್ನ ಕಸುಬು. ಪಾಂಡವಪುರದ ಬೆಲ್ಲದ ಮಂಡಿಯಲ್ಲಿ ಕೂತು ಫ್ರಿಜ್ಜು ರಿಪೇರಿಯ ಕುಳ್ಳಯ್ಯನನ್ನು ತೂಗಿದರೆ: ಆಳು ಗಿಡ್ಡ, ಮೀಸೆ ಧಾರಾಳ, ಕೈಗೆಲಸ ನಡುತರ, ಪುಕ್ಕಲುತನ ಮಾತ್ರ ಒಂದನೇ ದರ್ಜೆ. ಶೀಳನೆರೆಯಲ್ಲಿ ಅವನ ಅಣ್ಣ ಪಂಪ್‌ಸೆಟ್ಟಿನ ಒದ್ದೆ ಸ್ವಿಚ್ಚು ಮುಟ್ಟಿ ಸತ್ತಿದ್ದ. ಅಂದಿನಿಂದ ಇವನು ಕೆಲಸದಲ್ಲಿ ರಬ್ಬರು ಚಪ್ಪಲಿ ಕಳಚಿದವನಲ್ಲ.

ತೊಂಬತ್ತಾರರಲ್ಲಿ ಮೈಸೂರಿನ ಹರಾಜಿನಲ್ಲಿ ಒಂದು ಪರದೇಶದ ಫ್ರಿಜ್ಜು ಕೊಂಡೆ. ಬಾಗಿಲಿಗೆ ಲೋಟ ಒತ್ತಿದರೆ ತಣ್ಣೀರು ಬರುತ್ತಿತ್ತು. ಮೇಲಿನ ತೊಟ್ಟಿಯ ಒತ್ತಡ ಸಾಲದೆಂದು ಪುಟ್ಟ ಮೋಟರನ್ನೂ ಕೂಡಿಸಿದ್ದೆ. ಬೇಸಿಗೆಯಲ್ಲಿ ನನ್ನ ಹೆಂಡತಿ ದೊಡ್ಡತಾಯಮ್ಮ, ಮಜ್ಜಿಗೆ ಬೇಗ ತಣ್ಣಗಾಗಲೆಂದು ಚಳಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟಳು. ಲೋಟಕ್ಕೆ ನೀರು ಬರುವುದು ನಿಂತಿತು. ಗುಂಡಿ ಹಿಂದಕ್ಕೆ ತಿರುಗಿಸಿದ ಮೇಲೆ ಬಂತು, ಫ್ರಿಜ್ಜಿನ ಅಡಿಯಿಂದಲೂ ಬಂತು.

ಕರೆಸಿದ ಕುಳ್ಳಯ್ಯ ಹೊಸ್ತಿಲಲ್ಲೇ ನಿಂತ.

"ಚಪ್ಪಲಿ ಆಚೆ ಬುಡ್ಲಾ, ಪಕ್ಕದಲ್ಲೇ ದೇವ್ರ ಮನೆ ಐತೆ," ಎಂದಳು ದೊಡ್ಡತಾಯಮ್ಮ.

"ಬುಡಾಕಿಲ್ಲ ಅಮ್ಮಾವ್ರೆ. ಮೊದ್ಲು ಮೇನ್ ಆರ್ಸಿ."

"ನೀರು ಕಂಡ್ರೂ ಎದರ್ತೀಯಲ್ಲೋ. ಸ್ನಾನ ಎಂಗ್ಲಾ ಮಾಡ್ತೀಯ?" ಎಂದೆ ನಾನು.

ಅಷ್ಟರಲ್ಲಿ ದೊಡ್ಡತಾಯಮ್ಮ ಬರಿಗಾಲಲ್ಲಿ ನೀರಿಗಿಳಿದು, ಒರೆಸುವ ಬಟ್ಟೆ ಹಿಡಿದು, ಫ್ರಿಜ್ಜಿಗೆ ಕೈಯೂರಿದಳು. "ಇದೇನು, ಕೈ ಜುಮ್ ಅಂತದೆ," ಎಂದು ನಕ್ಕಳು.

ಕುಳ್ಳಯ್ಯ ಅವಳನ್ನು ಮುಟ್ಟದೆ ಓಡಿಹೋಗಿ ಮೇನ್ ಸ್ವಿಚ್ಚು ಕೆಡವಿದ. ಆಮೇಲೆ ಫ್ರಿಜ್ಜು ಎಳೆದ. ಹಿಂದೆ ಎಕ್ಸ್‌ಟೆನ್ಷನ್ ಬೋರ್ಡು ನೀರಲ್ಲೇ ಬಿದ್ದಿತ್ತು. ಪ್ಲಗ್ಗಿಗೆ ಎರಡೇ ಪಿನ್ನು, ಅರ್ಥಿಂಗೇ ಇಲ್ಲ.

ನೆಲ ಒರೆಸಿ, ಮೂರು ಪಿನ್ನಿನ ಪ್ಲಗ್ಗು ಹಾಕಿ, ಅರ್ಥಿಂಗಿದ್ದ ಅಡುಗೆಮನೆಯ ಸಾಕೆಟ್ಟಿಗೆ ಕೊಟ್ಟ. "ಸಾವ್ಕಾರ್ರೆ, ಈಗ ಕರೆಂಟು ಬೇಕು. ಲೋಟ ಒತ್ತಿದ್ರೇನೇ ವಾಲ್ವು ತೆಗೆಯೋದು, ಆಗ್ಲೇ ಸೋರೋದು ಕಾಣೋದು. ನೀವಿಬ್ರೂ ಈಚೆ ಬರ್ಬ್ಯಾಡಿ."

ಪೈಪು, ನಟ್ಟು, ಜಾಯಿಂಟುಗಳ ಮೇಲೆಲ್ಲ, ಸೋರಿದರೆ ತಿಳಿಯಲೆಂದು, ರಾಗಿಹಿಟ್ಟು ಉದುರಿಸಿದ. ನಮ್ಮನ್ನು ಬಾಗಿಲಾಚೆ ನಿಲ್ಲಿಸಿ ತಾನು ಲೋಟ ಒತ್ತಿದ. ಗೋಡೆಯಿಂದ ಬರುವ ಪೈಪಿನ ಹಿಟ್ಟು ಒಣಗಿಯೇ ಇತ್ತು. ವಾಲ್ವಿನ ನಟ್ಟೂ, ಬಾಗಿಲಡಿಯ ಜಾಯಿಂಟೂ ಹಾಗೆಯೇ. ತರಕಾರಿ ಡಬ್ಬಿ ಎಳೆದು, ಅದರ ಹಿಂದೆ ನೀರು ತಣ್ಣಗಾಗುವ ಪ್ಲಾಸ್ಟಿಕ್ ತೊಟ್ಟಿಗೂ ಹಿಟ್ಟು ಉದುರಿಸಿ ಮತ್ತೆ ಲೋಟ ಒತ್ತಿದ; ಹಿಟ್ಟು ಅಂಬಲಿಯಾಯಿತು. ಕೂದಲಿನಂಥ ಬಿರುಕು.

"ಒಳಗೆ ನೀರು ಐಸಾಗಿ ಹಿಗ್ಗಿ ಸೀಳಿಬುಟ್ಟೈತೆ."

"ಗಮ್ಮು ಮೆತ್ತಿದ್ರೆ?" ಎಂದೆ.

"ಕುಡಿಯೋ ನೀರು ಕಣ್ರೀ. ಸಾಲ್ದು ಅಂತ ಮೋಟರು ಬೇರೆ ತಳ್ತದೆ. ತಡೆಯಾಕಿಲ್ಲ."

ಗೋಡೆಯ ನಲ್ಲಿ ತಿರುಗಿಸಿ, ಪೈಪು ಬಿಚ್ಚಿ, ಬಾಯಿಗೆ ಮುಚ್ಚಳ ಬಿಗಿದ. ಅಂಥ ಹೊಸ ತೊಟ್ಟಿ ಎಲ್ಲೂ ಸಿಗಲಿಲ್ಲ. ಫ್ರಿಜ್ಜು ಈಗ ಬರೀ ತಣ್ಣಗೆ ಮಾಡುತ್ತದೆ, ನೀರು ಮಡಕೆಯದು.

ಕುಳ್ಳಯ್ಯ ಬಂದರೆ ದೊಡ್ಡತಾಯಮ್ಮ ಈಗಲೂ ಅವನ ಚಪ್ಪಲಿ ನೋಡಿ ಗೊಣಗುತ್ತಾಳೆ. ಗೊಣಗಲು ಅವಳು ಉಳಿದಿರುವುದು ಅವನಿಂದ. ನಾನು ಅವನಿಗೆ ಋಣಿ.