ಮೂರು ಕ್ಯಾಮೆರಾಗಳಲ್ಲಿ ಅಣ್ಣನ ಮೃದಂಗ

ಅಣ್ಣ ಹೋದ ಮೇಲೆ ಅತ್ತಿಗೆ ನನ್ನಲ್ಲಿ ಕೇಳಿದ್ದು ಒಂದೇ. ಮಲ್ಲೇಶ್ವರದ ಸಭೆಯಲ್ಲಿ ಅವನು ಕೊನೆಯ ಸಲ ಮೃದಂಗ ನುಡಿಸಿದ ಕಚೇರಿಯನ್ನು ವರ್ಷಾಬ್ದಿಕದ ಹೊತ್ತಿಗೆ ಡಿವಿಡಿ ಮಾಡಿಕೊಡಬೇಕು, ಅದರಲ್ಲಿ ಅವನ ಕೈ ಚೆನ್ನಾಗಿ ಕಾಣಬೇಕು. ಚಾಮರಾಜಪೇಟೆಯ ಒಂದು ಕೋಣೆಯಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡಿಕೊಂಡಿದ್ದ ನನಗೆ ಅದು ದೊಡ್ಡ ಕೆಲಸವೇನಲ್ಲ. ಹಾಗೆಂದು ಅವರಿಗೂ ಹೇಳಿದ್ದೆ.

ಆ ದಿನ ಮೂರು ಕ್ಯಾಮೆರಾ ಇಟ್ಟಿದ್ದೆವು. ಒಂದು ವೇದಿಕೆಯ ಎದುರು, ಒಂದು ಸಭಾಂಗಣದ ಹಿಂದೆ, ಮತ್ತೊಂದು ಪಕ್ಕದಲ್ಲಿ, ಅಣ್ಣನ ಕೈಗಳಿಗೆಂದೇ. ಒಂದೊಂದೂ ಬೇರೆ ಬೇರೆ ಹೊತ್ತಿಗೆ ಶುರುವಾಗಿರುತ್ತದೆ. ಆದರೆ ಮೂರೂ ಕೇಳಿಸಿಕೊಂಡದ್ದು ಒಂದೇ ಸದ್ದು. ಕಂಪ್ಯೂಟರಿನಲ್ಲಿ ಸದ್ದು ಏರಿಳಿಯುವ ಅಲೆಯಾಗಿ ಕಾಣುತ್ತದೆ. ಜೋರಾದ ಪೆಟ್ಟು ಬಿದ್ದಲ್ಲಿ ಅಲೆ ಚೂಪಾಗಿ ಏಳುತ್ತದೆ. ಒಂದರ ಕೆಳಗೆ ಒಂದಿಟ್ಟು ಆ ಚೂಪುಗಳನ್ನು ಕೂಡಿಸಿದರೆ ಚಿತ್ರಗಳೂ ಕೂಡಿಕೊಳ್ಳುತ್ತವೆ.

ಎದುರಿನದೂ ಹಿಂದಿನದೂ ಬೇಗ ಕೂಡಿದವು. ಹಿಂದಿನ ಕ್ಯಾಮೆರಾಕ್ಕೆ ಸದ್ದು ತುಸು ತಡವಾಗಿ ತಲುಪುತ್ತದೆ. ಅಲೆ ಕೂಡಿಸಿದ ಮೇಲೆ ಅದರ ಚಿತ್ರವನ್ನು ಎರಡು ಫ್ರೇಮ್ ಮುಂದಕ್ಕೆ ತಳ್ಳಿದರೆ ಸರಿಹೋಗುತ್ತದೆ. ಕೈಗಳ ಕ್ಯಾಮೆರಾದಲ್ಲಿ ಮಾತ್ರ ಮೃದಂಗ ಒಂದೇ ನುಡಿಯುವ ತನಿ ಆವರ್ತನಕ್ಕೆ ಮೊದಲು ಟೇಪು ಮುಗಿದು ಹೊಸದು ಹಾಕಿದ್ದರು. ಅಲ್ಲಿಂದ ಮತ್ತೆ ಹೊಸದಾಗಿ ಕೂಡಿಸಬೇಕಿತ್ತು. ನಾನು ತನಿಯ ಕೊನೆಯ ತೀರ್ಮಾನವನ್ನು, ಅಂದರೆ ಅದನ್ನು ಮುಗಿಸುವ ಪೆಟ್ಟುಗಳ ಗುಂಪನ್ನು, ಹುಡುಕಿ, ಅಲೆಗೆ ಅಲೆ ಇಟ್ಟು ಮುಗಿಸಿದೆ. ಚಿತ್ರದ ಕಿಟಕಿಯನ್ನು ಮುಚ್ಚಿಟ್ಟೇ ಮಾಡಿದೆ. ಆ ಕೈಗಳನ್ನು ನೋಡುವುದು ಆಗ ನನ್ನಿಂದ ಆಗುತ್ತಿರಲಿಲ್ಲ.

ನೋಡಲು ಬಂದ ಅತ್ತಿಗೆ ತನಿಯ ಕೊನೆಗೆ ಬರುವಷ್ಟರಲ್ಲಿ ತೊಡೆಯ ಮೇಲೆ ಹಾಕುತ್ತಿದ್ದ ತಾಳ ನಿಲ್ಲಿಸಿದರು.

"ಇದು ಸರಿ ಇಲ್ಲ ಕಣೋ."

ನಾನು ನೋಡಿದೆ. ತೀರ್ಮಾನದಲ್ಲಿ ಕೈ ಸದ್ದಿಗೆ ಸರಿಯಾಗಿ ಬೀಳುತ್ತಿತ್ತು. ಅದು ಮುಗಿದು ಗಾಯಕರು ಪಲ್ಲವಿ ಎತ್ತಿಕೊಂಡರೂ ಕೈ ಇನ್ನೂ ತೀರ್ಮಾನ ಬಾರಿಸುತ್ತಲೇ ಇತ್ತು. ತೀರ್ಮಾನಕ್ಕಿಂತ ಹಿಂದಕ್ಕೆ ಹೋದರೆ ಅಲ್ಲಿಯೂ ಹೊಂದಿಕೆ ಇಲ್ಲ. ದೂರದ ತೊಂದರೆಯಿರಬಹುದೆಂದು ಎರಡು ಫ್ರೇಮ್ ಸರಿಸಿದೆ. ಸರಿಯಾಗಿದ್ದದ್ದೂ ಕೆಟ್ಟಿತು. ಕ್ಯಾಮೆರಾದ ವೇಗದಲ್ಲಿ ವ್ಯತ್ಯಾಸವೋ, ಟೇಪು ಎಳೆದಿದೆಯೋ, ಒಂದೂ ತಿಳಿಯಲಿಲ್ಲ. ನಾನು ಕೂಡಿಸಿದ ಜಾಗದಲ್ಲಿ ಅಲೆಗಳು ಪರದೆಯ ಮೇಲೆ ಒಂದರ ಕೆಳಗೆ ಒಂದು ಹೊಂದಿಕೊಂಡೇ ಕೂತಿದ್ದವು. ಕಣ್ಣು ನಂಬಬೇಕೋ ಅಲೆ ನಂಬಬೇಕೋ ಗೊತ್ತಾಗದೆ ನಾಲ್ಕಾರು ದಿನ ಅದನ್ನೇ ಅತ್ತಿತ್ತ ಜರುಗಿಸಿದೆ. ಅಣ್ಣನ ಕೈಗೂ ಅವನ ಸದ್ದಿಗೂ ಸಂಬಂಧ ಕಡಿದುಹೋಗಿದೆ ಅನ್ನಿಸುತ್ತಿತ್ತು.

ಅತ್ತಿಗೆ ಮತ್ತೆ ಬಂದರು. ಗಾಂಧಿ ಬಜಾರಿನಿಂದ ತಂದ ಹೂವಿನ ಪೊಟ್ಟಣ ಮೇಜಿನ ಮೇಲಿಟ್ಟು, ಆ ಜಾಗವನ್ನೇ ಇನ್ನೊಮ್ಮೆ ಹಾಕಿಸಿಕೊಂಡರು.

"ತೀರ್ಮಾನ ಎಷ್ಟು ಸಲ ಬಾರಿಸ್ತಾರೆ ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಮೃದಂಗದವರ ಮನೆಯಲ್ಲೇ ಬೆಳೆದಿದ್ದರೂ ತಾಳ ನನ್ನ ತಲೆಗೆ ಹತ್ತಿದ್ದಲ್ಲ.

"ಮೂರು ಸಲ. ಒಂದೇ ಥರ. ನಿಂಗೆ ಕೇಳ್ತಿರೋದು ಮೂರನೇದು, ಕೈ ಬಾರಿಸ್ತಿರೋದು ಎರಡನೇದು. ಅವರಿದ್ದಿದ್ರೆ ನಿಂಗೆ ಸರಿಯಾಗಿ ಮಂಗಳಾರತಿ ಆಗ್ತಿತ್ತು."

ಇಬ್ಬರಿಗೂ ನಗು ಬಂತು. ಒಂದೇ ಥರ ಬಾರಿಸಿದರೆ ಅಲೆಯೂ ಒಂದೇ ಥರ ಏಳುತ್ತದೆ. ಒಂದು ಸಲದಷ್ಟು ಸರಿಸಿದರೂ ಈಗ ಸರಿಯಾದದ್ದೇ ಕೂಡಿತೆಂದು ಅಲೆ ನೋಡಿ ನಂಬುವಂತಿರಲಿಲ್ಲ. ಇನ್ನೊಮ್ಮೆ ಬಾರದ ಸದ್ದೊಂದು ಬೇಕಿತ್ತು, ಎಣಿಸಿ ನುಡಿಸುವ ತನಿಯಲ್ಲಿ ನನಗೆ ಅಂಥದ್ದು ಸಿಗಲಿಲ್ಲ.

"ತನಿಗೆ ಮುಂಚೆ ಶ್ರುತಿ ನೋಡ್ಕೊಂಡಿರ್ತಾರಲ್ಲ, ಅದೆಲ್ಲಿ?" ಎಂದು ಅತ್ತಿಗೆ ಕೇಳಿದರು.

ಅದು ಇರಲಿಲ್ಲ. ಕಚೇರಿಯ ವಿಡಿಯೋ ಕೈಗೆ ಬಂದರೆ ಶ್ರುತಿ ಕೂಡಿಸುವ ಭಾಗವನ್ನು ಮೊದಲೇ ಕತ್ತರಿಸಿ ಬಿಸಾಕುವುದು ನಮ್ಮ ಕೆಲಸದ ರೂಢಿ. ಯಾರಿಗೂ ಅದು ಬೇಕಿರುವುದಿಲ್ಲ. ಟೇಪುಗಳನ್ನು ಮತ್ತೆ ಕಂಪ್ಯೂಟರಿಗೆ ಏರಿಸಿದೆ. ಹೊಸ ಟೇಪಿನ ಮೊದಲಲ್ಲೇ ಅದಿತ್ತು. ಅಣ್ಣ ಮೃದಂಗದ ಅಂಚಿಗೆ ಕಲ್ಲಿನಿಂದ ತಟ್ಟುತ್ತಾನೆ, ಬೆರಳಿಟ್ಟು ಕೇಳುತ್ತಾನೆ, ತಟ್ಟುತ್ತಾನೆ, ಸುಮ್ಮನಿರುತ್ತಾನೆ, ಮತ್ತೆರಡು ತಟ್ಟು. ಯಾವ ತಾಳಕ್ಕೂ ಸೇರದ ಸದ್ದು. ಎರಡು ಚೂಪುಗಳ ನಡುವಿನ ಅಂತರ ಒಮ್ಮೆ ಇದ್ದಂತೆ ಇನ್ನೊಮ್ಮೆ ಇಲ್ಲ. ಎದುರಿನ ಕ್ಯಾಮೆರಾದಲ್ಲೂ ಅವೇ ತಟ್ಟುಗಳು, ಅವೇ ಅಂತರಗಳು. ಈ ಸಲ ಕಿಟಕಿ ತೆರೆದಿಟ್ಟೇ ಕೂಡಿಸಿದೆ. ತನಿ ಕೊನೆಯವರೆಗೂ ಕೈ, ಸದ್ದು ಒಟ್ಟಿಗೆ ನಡೆದವು.

ಇನ್ನು ಈ ಭಾಗ ತೆಗೆಯಬಹುದು ಎಂದು ಅತ್ತಿಗೆಗೆ ಹೇಳಿದೆ.

"ತೆಗೀಬೇಡ. ಮನೇಲಿ ನಾನು ದಿನಾ ಕೇಳ್ತಿದ್ದಿದ್ದು ಅದನ್ನೇ."

ವರ್ಷಾಬ್ದಿಕದ ದಿನ ಊಟವಾದ ಮೇಲೆ ಡಿವಿಡಿ ಹಾಕಿದೆವು. ಆ ಭಾಗ ಬಂದಾಗ ಅಣ್ಣ ತಲೆ ಬಗ್ಗಿಸಿ ತಟ್ಟುತ್ತಲೇ ಇದ್ದ. ನೆಂಟರೊಬ್ಬರು, ಇದೇನು ಮುಂದಕ್ಕೇ ಹೋಗುತ್ತಿಲ್ಲವಲ್ಲ ಎಂದು ರಿಮೋಟಿಗೆ ಕೈ ಹಾಕಿದರು. ಅತ್ತಿಗೆ ಅದನ್ನು ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು.