ಮಧ್ಯಾಹ್ನಕ್ಕೆ ಬಂದ ಮುಹೂರ್ತ

ಘಾಟ್ಕೋಪರಿನ ನಮ್ಮ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಛಬೀಲಭಾಯಿ ವಸಾ ಅವರದು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಅವರು ಕೋಟೆ ಭಾಗದ ಒಂದು ಷೇರು ದಲ್ಲಾಳಿ ಕಚೇರಿಯಲ್ಲಿ ಲೆಕ್ಕ, ಗಣಕಯಂತ್ರ ಎರಡನ್ನೂ ನೋಡಿಕೊಳ್ಳುತ್ತಿದ್ದವರು. ಬೆಳಗ್ಗೆ ಒಂದೇ ಲೋಕಲ್ಲಿಗೆ ಓಡುತ್ತಿದ್ದೆವು. ಅವರ ಕೈಯಲ್ಲಿ ಸದಾ ಒಂದು ಬಟ್ಟೆಯ ಚೀಲ, ಅದರಲ್ಲಿ ಥೇಪ್ಲಾ ರೊಟ್ಟಿ, ನೆಂಚಿಕೊಳ್ಳಲು ಮಾವಿನ ಛುಂದಾ, ಒಂದು ಛತ್ರಿ. ಬೇಸಿಗೆಯಲ್ಲೂ ಛತ್ರಿ. ಕೇಳಿದರೆ, "ಬಜಾರನ್ನ ನಂಬಬಹುದು ಮಾಸ್ಟರ್‌ಜೀ, ಮುಂಬಯಿ ಆಕಾಶವನ್ನ ನಂಬೋಕಾಗಲ್ಲ" ಎನ್ನುವರು.

ಅವರ ಹೆಂಡತಿ ವಿಮಳಾಬೆನ್. ಇಬ್ಬರ ಒಬ್ಬಳೇ ಮಗಳು ಮದುವೆಯಾಗಿ ಭಾವನಗರದಲ್ಲಿದ್ದಳು. ವಿಮಳಾಬೆನ್ನರ ಮಾತು ಎಷ್ಟು ಹುಳಿಯೋ ಮನಸ್ಸು ಅಷ್ಟು ಸಿಹಿ. ದೀಪಾವಳಿಯಲ್ಲಿ ಕರ್ಜಿಕಾಯಿಯಂಥ ಘೂಘರಾ, ಹಪ್ಪಳದಂಥ ಮಠಿಯಾ ತುಂಬಿದ ತಟ್ಟೆ ಮೊದಲು ನಮ್ಮ ಮನೆಗೆ ಬರುತ್ತಿತ್ತು, ಆಮೇಲೆ ಅವರ ನೆಂಟರ ಮನೆಗಳಿಗೆ.

ಅವರಿಗೆ ಇದ್ದದ್ದು ಒಂದೇ ಕೊರಗು. ಲಕ್ಷ್ಮೀಪೂಜೆಯ ಸಂಜೆ ಗಂಡ ಮನೆಯಲ್ಲಿ ಇರುತ್ತಿರಲಿಲ್ಲ.

ಷೇರು ಬಜಾರಿಗೆ ಅಂದು ರಜೆ. ಆದರೆ ಶಕುನಕ್ಕೆಂದು ಆ ಸಂಜೆ ಸುಮಾರು ಒಂದು ಗಂಟೆ ಹೊತ್ತು ಬಾಗಿಲು ತೆಗೆಯುತ್ತಾರೆ. ಅದೇ ಮುಹೂರ್ತದ ವ್ಯಾಪಾರ. ಹೊಸ ಸಂವತ್ಸರದ ಮೊದಲ ಖರೀದಿ ಎಂದು ಎಲ್ಲರೂ ಒಂದೆರಡು ಷೇರು ಕೊಳ್ಳುತ್ತಾರೆ. ವರ್ಷದ ಆರಂಭದಲ್ಲಿ ಬರುವ ರಜೆಯ ಪಟ್ಟಿಯಲ್ಲಿ ದೀಪಾವಳಿಯ ಎದುರು ಒಂದು ನಕ್ಷತ್ರದ ಗುರುತು ಇರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ, ಸಮಯವನ್ನು ಮುಂದೆ ತಿಳಿಸಲಾಗುವುದು ಎಂದು. "ಎಲ್ಲಾರ ಮನೇಲೂ ಆಕಾಶದಲ್ಲಿ ನಕ್ಷತ್ರ ಕಾಣುತ್ತೆ. ನನ್ನ ಮನೇಲಿ ಕ್ಯಾಲೆಂಡರಲ್ಲಿ ಕಾಣುತ್ತೆ. ಅದೇ ನನ್ನ ಸವತಿ" ಎಂದು ವಿಮಳಾಬೆನ್ ನನ್ನ ಹೆಂಡತಿ ಸುಮಿತ್ರೆಯ ಹತ್ತಿರ ಹೇಳುತ್ತಿದ್ದರು.

ಆ ಕಚೇರಿಯಲ್ಲಿ ಇಷ್ಟು ಜನರಿರುವಾಗ ಇವರೇ ಏಕೆ ಹೋಗಬೇಕು ಎಂದು ನಾನೊಮ್ಮೆ ರೈಲಿನಲ್ಲಿ ಕೇಳಿದೆ. ಛಬೀಲಭಾಯಿ ನಿಂತಲ್ಲೇ ವಿವರಿಸಿದರು. ಗಣಕಯಂತ್ರಕ್ಕೆ ಗೊತ್ತಿರುವುದು ಸೋಮವಾರದಿಂದ ಶುಕ್ರವಾರ ಮಾತ್ರ. ಬೆಳಗ್ಗೆ ಗಿರಾಕಿಗಳ ಹತ್ತಿರವಿರುವ ಷೇರುಗಳ ವಿವರವನ್ನು ಅದು ತಾನೇ ಎತ್ತಿಕೊಳ್ಳುತ್ತದೆ. ಅಂದೇ ಕೊಂಡು ಅಂದೇ ಮಾರುವೆ ಎಂದವರು ಮಾರಲು ಮರೆತಿದ್ದರೆ, ಬಜಾರು ಮುಚ್ಚುವ ಮುನ್ನ, ಮೂರೂಕಾಲಿನ ಸುಮಾರಿಗೆ, ತಾನೇ ಮಾರಿಬಿಡುತ್ತದೆ. ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳಲು ಮರೆತವರಿಗಾಗಿ ತಾನೇ ಕೊಳ್ಳುತ್ತದೆ. ಯಂತ್ರದೊಳಗಿನ ಪಂಚಾಂಗ ರಜೆ ಎಂದರೆ ಈ ಕೆಲಸಗಳೆಲ್ಲ ಮಲಗಿಬಿಡುತ್ತವೆ. ಒಂದೊಂದನ್ನೂ ಕೈಯಿಂದ ಎಬ್ಬಿಸಿ ಹೊಸ ಹೊತ್ತು ಹೇಳಬೇಕು.

"ಒಂದು ವರ್ಷ ಹುಡುಗರು ಬಾಗಿಲು ತೆಗೆಯೋ ಹೊತ್ತು, ಮುಚ್ಚೋ ಹೊತ್ತು ಎರಡೂ ಬದಲಾಯಿಸಿದರು. ಮೂರೂಕಾಲಿನ ಕೆಲಸ ಮರೆತರು. ಸಂಜೆ ಆರು ಗಂಟೆಗೆ ಮೂರೂಕಾಲು ಎಲ್ಲಿಂದ ಬರುತ್ತೆ ಮಾಸ್ಟರ್‌ಜೀ? ಅದು ನಡೀಲೇ ಇಲ್ಲ. ತನ್ನ ಹತ್ರ ಇಲ್ಲದ ಷೇರು ಮಾರಿದ್ದ ಒಬ್ಬ ಅಜ್ಜ ಹಾಗೇ ಉಳಿದ. ಕೊಡೋಕೆ ಷೇರಿಲ್ಲ. ಕೊನೆಗೆ ಬಜಾರಿನ ಹರಾಜಿನಲ್ಲಿ ಹೆಚ್ಚು ಬೆಲೆಗೆ ಕೊಂಡು ಕೊಡಬೇಕಾಯ್ತು. ಹೊಸ ವರ್ಷದ ಮೊದಲ ವಾರವೇ ಕಚೇರಿಗೆ ಬಂದು ಅತ್ತ."

ಅಂದಿನಿಂದ ಕಚೇರಿಯ ಯಜಮಾನ ಕಿರೀಟ್ ಶೇಠ್, ಮುಹೂರ್ತದ ದಿನ ಛಬೀಲನೇ ಕೂರಬೇಕು ಎಂದು ಗೆರೆ ಎಳೆದಿದ್ದರು. ಬಜೆಟ್ಟು ಶನಿವಾರ ಬಂದು ಬಜಾರು ತೆರೆದರೂ ಇವರೇ. ಬಜಾರಿನ ಯಂತ್ರಗಳನ್ನು ಇನ್ನೊಂದು ಊರಿನಿಂದ ನಡೆಸಿ ಪರೀಕ್ಷಿಸುವ ಶನಿವಾರಗಳಲ್ಲೂ ಇವರೇ. ದೀಪಾವಳಿ ಬಂದರೆ ವಿಮಳಾಬೆನ್ ಒಬ್ಬರೇ ಆರತಿ ಎತ್ತುವರು. ಗಂಡನ ಮಣೆ ಪಕ್ಕದಲ್ಲಿ ಖಾಲಿ. ಛಬೀಲಭಾಯಿ ಕಚೇರಿಯಲ್ಲಿ ಹಂಚಿದ ಪೇಡಾ ಡಬ್ಬಿಯೊಡನೆ ಬರುವ ಹೊತ್ತಿಗೆ ದೀಪದ ಬತ್ತಿ ಕಪ್ಪಗಾಗಿರುತ್ತಿತ್ತು.

ವಿಮಳಾಬೆನ್ನರ ಹೃದಯ ಸೋಲತೊಡಗಿದ್ದು ಗಂಡನ ನಿವೃತ್ತಿ ಹತ್ತಿರವಾದ ಕಾಲದಲ್ಲಿ. ಮೆಟ್ಟಿಲು ಹತ್ತಿದರೆ ಉಸಿರು ಸಾಲದು, ಕಾಲಿಗೆ ಬಾವು. ಆ ವರ್ಷ ನವರಾತ್ರಿ ಕಳೆದ ಮೇಲೆ ನಾನೂ ಸುಮಿತ್ರೆಯೂ ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಆಕೆ ಗಂಡನ ಮುಖ ನೋಡದೆ, ಮುರುಕು ಮಠಿಯಾ ಆರಿಸುತ್ತಾ ಹೇಳಿದರು:

"ಕೇಳ್ತೀರಾ? ಈ ಸಲ ಒಂದು ಆರತಿ ನನ್ನ ಜೊತೆ ಎತ್ತಿ. ಮುಂದಿನ ವರ್ಷದ್ದು ನಾನು ಕೇಳಲ್ಲ."

"ಯಾಕೆ, ಮುಂದಿನ ವರ್ಷ ಕೋಪ ಮಾಡ್ಕೊಂಡಿರ್ತೀಯಾ?"

"ಕೋಪ ಮಾಡ್ಕೊಳ್ಳೋಕೂ ಉಸಿರು ಬೇಕಲ್ಲ."

ಛಬೀಲಭಾಯಿ ನಗಲಿಲ್ಲ. ಮರುದಿನವೇ ಶೇಠರ ಎದುರು ನಿಂತು, ದೀಪಾವಳಿಯ ಇಡೀ ದಿನ ರಜೆ ಕೇಳಿದರು. ಶೇಠರು ಗೊಣಗಿ ಒಪ್ಪಿದರು. ಛಬೀಲಭಾಯಿ ಕಚೇರಿಯ ಪಂಕ್ತಿ ಎಂಬ ಚುರುಕಿನ ಹೆಣ್ಣುಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಕೆಲಸವನ್ನು ಯಾವಾಗ ಎಬ್ಬಿಸಬೇಕೆಂದು ಕಲಿಸತೊಡಗಿದರು. ವಿಮಳಾಬೆನ್ ಪೆಟ್ಟಿಗೆಯಿಂದ ಮದುವೆಯ ಕಾಲದ ಬಾಂಧಣಿ ಸೀರೆ ತೆಗೆದು ಬಿಸಿಲಿಗೆ ಹಾಕಿದರು.

ಆಗ ಬಜಾರಿನ ಸುತ್ತೋಲೆ ಬಂತು. ಆ ವರ್ಷದ ಮುಹೂರ್ತ ಸಂಜೆಯಲ್ಲ, ಮಧ್ಯಾಹ್ನ. ಮೂರು ಗಂಟೆಗೆ ಮೊದಲೇ ಮುಗಿಯುತ್ತದೆ.

ಆ ದಿನ ಛಬೀಲಭಾಯಿ ಮೆಟ್ಟಿಲನ್ನು ಹುಡುಗನಂತೆ ಹತ್ತಿ ಬಂದರು. "ವಿಮಳಾ, ಸವತಿ ಸೋತಳು! ಮಧ್ಯಾಹ್ನಕ್ಕೆ ಹಾಕಿದ್ದಾರೆ. ಮುಗಿಸಿ, ಐದರೊಳಗೆ ನಾನು ಮನೇಲಿ."

"ಹಾಗಾದ್ರೆ ರಜೆ?"

"ರಜೆ ಯಾಕೆ ಇನ್ನು? ಆರತಿ ಸಂಜೆ ತಾನೇ? ಪಂಕ್ತಿಗೆ ಕಲಿಸಿದ್ದೆಲ್ಲ ಸಂಜೆ ಲೆಕ್ಕ. ಈ ಸಲ ಉಲ್ಟಾ. ಸಂಜೆಯಾದ್ರೆ ಮೂರೂಕಾಲು ಕಳೆದುಹೋಗಿರುತ್ತೆ. ಮಧ್ಯಾಹ್ನವಾದ್ರೆ ಮೂರೂಕಾಲು ಬರೋಷ್ಟರಲ್ಲಿ ಬಜಾರು ಮುಚ್ಚಿರುತ್ತೆ. ಆ ಹುಡುಗಿ ಎಡವಿದ್ರೆ ಇನ್ನೊಬ್ಬ ಅಜ್ಜ ಅಳ್ತಾನೆ."

ವಿಮಳಾಬೆನ್ ಬಾಂಧಣಿ ಸೀರೆಯನ್ನು ಮಡಿಸಿಟ್ಟರು. ಆಮೇಲೆ, "ಹೋಗಿ ಬನ್ನಿ. ನನಗೆ ಬೇಕಾದ್ದು ಸಂಜೆ ಮಾತ್ರ. ಬಜಾರಿಗೂ ಒಂದು ಸಲ ನನ್ನ ನೆನಪಾಯ್ತಲ್ಲ" ಎಂದರು. ಪಾಪ, ಸಂತೋಷವಾಗಿಯೇ ಅಂದರು.

ದೀಪಾವಳಿಯ ಬೆಳಗ್ಗೆ ಅವರು ಬಿಳಿ ಅಂಗಿ ತೊಟ್ಟು ಹೊರಟಾಗ ಆಕೆ ಬಾಗಿಲಲ್ಲಿ ಕುಳಿತು ರಂಗೋಲಿಗೆ ಚುಕ್ಕಿ ಇಡುತ್ತಿದ್ದರು. "ಚೆಂಡುಹೂ ತರೋದು ಮರೀಬೇಡಿ. ದಾದರಿನದು ಬೇಡ, ಬಾಡಿದ್ದು ಕೊಡ್ತಾರೆ" ಎಂದು ಕೂಗಿ ಹೇಳಿದ್ದು ನಮ್ಮ ಮನೆಯೊಳಗೂ ಕೇಳಿಸಿತು.

ಊಟದ ಹೊತ್ತಿಗೆ ಸುಮಿತ್ರೆ ಹೋಳಿಗೆ ಕೊಡಲು ಹೋದಳು. ರಂಗೋಲಿ ಅರ್ಧಕ್ಕೆ ನಿಂತಿತ್ತು. ವಿಮಳಾಬೆನ್ ಗೋಡೆಗೊರಗಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಸುಮಿತ್ರೆಯ ಕೂಗಿಗೆ ನಾನೂ ಓಡಿ ಹೋಗಿ ಛಬೀಲಭಾಯಿಯ ಮೊಬೈಲಿಗೆ ಕರೆ ಮಾಡಿದೆ. ಅದು ಹೊಡೆದುಕೊಳ್ಳುತ್ತಲೇ ಇತ್ತು. ವ್ಯಾಪಾರದ ಕೋಣೆಗೆ ಮೊಬೈಲು ಒಯ್ಯುವಂತಿಲ್ಲ, ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಕಚೇರಿಯ ಫೋನಿಗೆ ಮಾಡಿದರೆ ಬಿಡುವೇ ಇಲ್ಲ. ಶಕುನದ ಷೇರು ಕೊಳ್ಳಲು ಊರಿನ ಗಿರಾಕಿಗಳೆಲ್ಲ ಆ ಒಂದು ಗಂಟೆಯಲ್ಲೇ ಫೋನು ಹಿಡಿದಿರುತ್ತಾರೆ.

ಹಬ್ಬದ ದಿನ ಆಂಬುಲೆನ್ಸಿಗೆ ಕಾಯುವುದು ಬೇಡವೆಂದು ಟ್ಯಾಕ್ಸಿಯಲ್ಲಿ ಹೊರಟೆವು. ಬೀದಿಯಲ್ಲಿ ಮಕ್ಕಳು ಪಟಾಕಿಯ ಸರ ಹಚ್ಚಿ ದಾರಿ ತಡೆಯುತ್ತಿದ್ದರು. ವಿಮಳಾಬೆನ್ ಸುಮಿತ್ರೆಯ ಭುಜಕ್ಕೆ ಒರಗಿದ್ದರು. ಒಮ್ಮೆ ಕಣ್ಣು ತೆರೆದು ಕೇಳಿದರು:

"ಮಾಸ್ಟರ್‌ಜೀ, ಗಂಟೆ ಎಷ್ಟಾಯ್ತು?"

"ಎರಡೂವರೆ, ಬೆನ್."

"ಇನ್ನೇನು ಮುಗೀತು. ಬರ್ತಾರೆ."

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಒಯ್ದರು. ನಾನು ಮತ್ತೆ ಮತ್ತೆ ಕಚೇರಿಗೆ ಫೋನು ಮಾಡುತ್ತಿದ್ದೆ. ಕೊನೆಗೆ ಎತ್ತಿದವಳು ಪಂಕ್ತಿ. ಛಬೀಲಭಾಯಿ ಎಲ್ಲಿ ಎಂದರೆ ಹೊಸ ವರ್ಷದ ಹಾರೈಕೆಯಿಂದಲೇ ಶುರು ಮಾಡಿದಳು. "ಸಾಲ್ ಮುಬಾರಕ್! ಕಾಕಾ ಈಗ ತಾನೇ ಹೊರಟರು ಅಂಕಲ್. ಒಬ್ಬೊಬ್ಬ ಗಿರಾಕಿಯದೂ ನೋಡಿ, ಯಾರೂ ಅರ್ಧದಲ್ಲಿ ಉಳಿದಿಲ್ಲ ಅಂತ ಖಾತ್ರಿ ಮಾಡ್ಕೊಂಡು ಹೋದರು. ಎಷ್ಟು ಖುಷಿಯಾಗಿದ್ದರು ಅಂದ್ರೆ, ಮೊಬೈಲು ಪೆಟ್ಟಿಗೇಲೇ ಬಿಟ್ಟು ಹೋಗಿದ್ದಾರೆ ನೋಡಿ."

ಸುಮಿತ್ರೆಯನ್ನು ಅಲ್ಲಿ ಬಿಟ್ಟು ನಾನು ಮನೆಗೆ ಬಂದು ಕಟ್ಟಡದ ಬಾಗಿಲಲ್ಲಿ ನಿಂತೆ. ಬಿಸಿಲು ಇನ್ನೂ ಇತ್ತು. ಛಬೀಲಭಾಯಿ ಬೀದಿಯ ತುದಿಯಲ್ಲಿ ಕಾಣಿಸಿದರು. ಒಂದು ಕೈಯಲ್ಲಿ ಚೆಂಡುಹೂವಿನ ಕಟ್ಟು, ಇನ್ನೊಂದರಲ್ಲಿ ಪೇಡಾ, ಕಂಕುಳಲ್ಲಿ ಛತ್ರಿ. ನನ್ನನ್ನು ಕಂಡು ದೂರದಿಂದಲೇ ಕೂಗಿದರು: "ನೋಡಿ ಮಾಸ್ಟರ್‌ಜೀ, ಇನ್ನೂ ಐದಾಗಿಲ್ಲ! ಹೂ ತಾಜಾ ಇದೆ ಅಂತ ನೀವೇ ಸಾಕ್ಷಿ ಹೇಳ್ಬೇಕು, ನನ್ನ ಮಾತು ಅವಳು ನಂಬಲ್ಲ."

ನಾನು ಅವರ ಕೈಯಿಂದ ಪೇಡಾ ಡಬ್ಬಿ ತೆಗೆದುಕೊಂಡೆ. ಅಷ್ಟಕ್ಕೇ ಅವರಿಗೆ ತಿಳಿಯಿತು.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುಮಿತ್ರೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು, ವಿಮಳಾಬೆನ್ನರ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು. ಛಬೀಲಭಾಯಿ ಅಳಲಿಲ್ಲ. ಬೆಂಚಿನ ತುದಿಗೆ ಕುಳಿತು, ಚೆಂಡುಹೂವಿನ ಕಟ್ಟನ್ನು ಪಕ್ಕಕ್ಕಿಟ್ಟು ಹೇಳಿದರು: "ಮುಹೂರ್ತ ಸಂಜೆಗೇ ಇದ್ದಿದ್ದರೆ ನನಗೆ ಇವತ್ತು ಇಡೀ ದಿನ ರಜೆ."

ಆಮೇಲೆ ಅವರು ಕಚೇರಿಯನ್ನು ಬಿಡಲಿಲ್ಲ. ನಿವೃತ್ತಿಯ ವಯಸ್ಸು ಕಳೆದರೂ ಶೇಠರು ಕರೆದರು, ಇವರು ಹೋದರು. ಶನಿವಾರದ ಬಜಾರು ಎಂದರೆ ಹಿಂದೆ ಗೊಣಗುತ್ತಿದ್ದವರು ಈಗ ತಾವಾಗಿ ಕೇಳಿ ಹೋಗುತ್ತಿದ್ದರು. ಬಜೆಟ್ಟು ಭಾನುವಾರ ಬಂದ ವರ್ಷ ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿಯನ್ನೇ ಕಂಡೆ. ರಜೆಯ ದಿನ ಬಂದರೆ ಮಾತ್ರ ಬೆಳಗ್ಗೆಯಿಂದ ಕಿಟಕಿಯ ಬಳಿ ಕುಳಿತಿರುವರು. ಸುಮಿತ್ರೆ ಕೊಟ್ಟ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು.

ಮರುವರ್ಷದ ದೀಪಾವಳಿಗೆ ಮಾತ್ರ ಅವರು ರಜೆ ಹಾಕಿದರು. ಪಂಕ್ತಿ ಈಗ ಸಂಜೆ, ಮಧ್ಯಾಹ್ನ ಎರಡರ ಲೆಕ್ಕವನ್ನೂ ಕಲಿತಿದ್ದಳು. ಮಗಳು ಭಾವನಗರದಿಂದ ಬರುತ್ತೇನೆಂದರೆ, "ಬೇಡ ಬೇಟಾ, ನಿನ್ನ ಮನೆಯ ಪೂಜೆ ಬಿಡಬೇಡ" ಎಂದರಂತೆ. ಸಂಜೆ ನಮ್ಮನ್ನು ಕರೆದರು. ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ಒಳಗೆ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಮಡಿಸಿದ ಬಾಂಧಣಿ ಸೀರೆ.

ದೀಪ ಹಚ್ಚಲು ಹೊರಟಾಗ ಫೋನು ಹೊಡೆಯಿತು. ಪಂಕ್ತಿಯ ದನಿ ನಮಗೂ ಕೇಳುತ್ತಿತ್ತು: "ಕಾಕಾ, ಎಲ್ಲ ಸರಿಯಾಗಿ ಮುಗೀತು. ಯಾರೂ ಉಳಿದಿಲ್ಲ."

"ಒಬ್ಬೊಬ್ಬರನ್ನೂ ನೋಡಿದೆಯಾ?"

"ನೋಡಿದೆ ಕಾಕಾ."

"ಹಾಗಾದ್ರೆ ಹೊರಡು. ಪೇಡಾಕ್ಕೆ ಅಂತ ನಿಲ್ಲಬೇಡ. ಮೊಬೈಲು ಎತ್ತಿಕೋ, ಮೊದಲು ಮನೆಗೆ ಫೋನು ಮಾಡು."

ಫೋನು ಕೆಳಗಿಟ್ಟು ಆರತಿಯ ತಟ್ಟೆ ಎತ್ತಿದರು. ಅಭ್ಯಾಸವಿಲ್ಲದ ಕೈ, ತಟ್ಟೆ ಓರೆಯಾಗಿ ಎಣ್ಣೆ ಚೆಲ್ಲಿತು. ಎಷ್ಟು ಸುತ್ತು ಎತ್ತಬೇಕು, ಯಾವಾಗ ನಿಲ್ಲಿಸಬೇಕು ಅವರಿಗೆ ತಿಳಿಯಲಿಲ್ಲ. ಸುಮಿತ್ರೆಯ ಕಡೆ ನೋಡಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅವರು ಎತ್ತುತ್ತಲೇ ಇದ್ದರು.